ಅನೋವಾ ಹೌದು ಅನ್ನುತ್ತದೆ, ಜೋಡಿ ಒಂದೂ ಒಪ್ಪುವುದಿಲ್ಲ: ದೋಷ ಹುಡುಕುವುದು ಹೇಗೆ

"ಸರ್, ಅನೋವಾದಾಗ ಸ್ಟಾರ್ ಬಂದದ್ರಿ. ಪೋಸ್ಟ್ ಹಾಕ್ ಮಾಡಿದ್ರ ಒಂದೂ ಜೋಡಿ ಬರವಲ್ದು. ನಮ್ ಗೈಡ್ ಡೇಟಾನೇ ತಪ್ಪದ ಅನ್ಲಾಕತ್ತಾರ."

ಕಲಬುರಗಿಯಲ್ಲಿ ಥೀಸಿಸ್ ಬರೆಯುವ ಹುಡುಗರಿಗೆ ಲೆಕ್ಕ ನೋಡಿಕೊಡುವುದು ನನ್ನ ಸಂಜೆಯ ಕೆಲಸ. ಎಲ್ಲಾ ಸರಾಸರಿಗಳನ್ನು ಒಟ್ಟಿಗೆ ಪರೀಕ್ಷಿಸುವ ಅನೋವಾ ವ್ಯತ್ಯಾಸ ಇದೆ ಅನ್ನುತ್ತದೆ, ಆಮೇಲೆ ಎರಡೆರಡನ್ನು ಹೋಲಿಸುವ ಪೋಸ್ಟ್ ಹಾಕ್ ಎಲ್ಲೂ ಇಲ್ಲ ಅನ್ನುತ್ತದೆ. ಈ ದೂರು ವರ್ಷಕ್ಕೆ ಹತ್ತಾರು ಸಲ ಬರುತ್ತದೆ, ಅದೂ ಥೀಸಿಸ್ ಸಲ್ಲಿಸಲು ವಾರ ಇರುವಾಗ. ಈ ಸಲ ಯಾದಗಿರಿ ಕಡೆಯ ಹುಡುಗನೊಬ್ಬ ಲ್ಯಾಪ್‌ಟಾಪ್ ಹಿಡಿದುಕೊಂಡು ಮನೆಗೇ ಬಂದಿದ್ದ. ಅವನ ಕೇಸನ್ನೇ ಇಲ್ಲಿ ಬಿಡಿಸಿ ಇಡುತ್ತೇನೆ, ಯಾಕೆಂದರೆ ಒಂದೇ ದೂರಿನ ಹಿಂದೆ ಎರಡು ಬೇರೆ ಬೇರೆ ಕಾರಣ ಇದ್ದವು. ಒಂದು ನಿಜವಾದ ತಪ್ಪು. ಇನ್ನೊಂದು ತಪ್ಪೇ ಅಲ್ಲ.

ಮೊದಲೇ ಹೇಳಿಬಿಡುತ್ತೇನೆ: ಅಂಕಿಗಳು ಅವನವಲ್ಲ. ಕೈಲೆಕ್ಕಕ್ಕೆ ಸುಲಭವಾಗಲಿ ಅಂತ ನಾನೇ ಹೊಸದಾಗಿ ಕೂಡಿಸಿದ್ದೇನೆ. ತೊಗರಿ ಬೇಸಾಯದ ಸಲಹೆ ಎಂದು ಯಾರೂ ಹೊಲಕ್ಕೆ ಒಯ್ಯಬೇಡಿ.

ಪ್ರಯೋಗ ಏನು

ತೊಗರಿಯಲ್ಲಿ ಕುಡಿ ಚಿವುಟಿದರೆ ಇಳುವರಿ ಹೆಚ್ಚುತ್ತದಾ ಅನ್ನುವುದು ಪ್ರಶ್ನೆ. ಟ್ರೀಟ್‌ಮೆಂಟ್ ಐದು. T1 ಎಂದರೆ ರೈತರು ಮಾಡುವ ಹಾಗೆ, ಕುಡಿ ಮುಟ್ಟದೆ ಬಿಟ್ಟಿದ್ದು. T2ರಲ್ಲೂ ಕುಡಿ ಮುಟ್ಟಿಲ್ಲ, ಹೂ ಬಿಡುವಾಗ ಡಿಎಪಿ ಸಿಂಪಡಿಸಿದ್ದಾರೆ, ಅಷ್ಟೇ. T3 ಕೈಯಿಂದ ಚಿವುಟಿದ್ದು, T4 ಬ್ಯಾಟರಿ ಮಷಿನ್‌ನಿಂದ ಕತ್ತರಿಸಿದ್ದು, T5 ಎರಡು ಸಲ ಚಿವುಟಿದ್ದು. ಹೊಲ ಕಪ್ಪು ಎರಿ ಮಣ್ಣಿನದು, ಮೇಲಿನಿಂದ ಹಳ್ಳದ ಕಡೆಗೆ ಇಳಿಜಾರು. ಅದಕ್ಕೇ ನಾಲ್ಕು ಬ್ಲಾಕ್ ಮಾಡಿದ್ದಾರೆ. ಒಂದನೇ ಬ್ಲಾಕ್ ದಿಬ್ಬದ ಮೇಲೆ, ಅಲ್ಲಿ ಮಣ್ಣು ತೆಳು. ನಾಲ್ಕನೆಯದು ಹಳ್ಳದ ಹತ್ತಿರ, ಮಣ್ಣು ಆಳ, ತೇವ ಜಾಸ್ತಿ ದಿನ ನಿಲ್ಲುತ್ತದೆ. ಪ್ರತಿ ಬ್ಲಾಕಿನಲ್ಲೂ ಐದೂ ಟ್ರೀಟ್‌ಮೆಂಟ್ ಇವೆ. ಒಟ್ಟು 20 ಪ್ಲಾಟ್, ಇಳುವರಿ ಹೆಕ್ಟೇರಿಗೆ ಕ್ವಿಂಟಲ್ ಲೆಕ್ಕದಲ್ಲಿ.

ನೀವೂ ಜೊತೆಗೆ ಓಡಿಸಿ ನೋಡಬೇಕೆಂದರೆ ಆರ್‌ನಲ್ಲಿ ಇದನ್ನು ಹಾಕಿ:

```r
d <- data.frame(
  block = factor(rep(1:4, times = 5)),
  treat = factor(rep(c("T1","T2","T3","T4","T5"), each = 4)),
  y = c( 9.5,  8.5, 11.5, 10.5,
         7.8,  9.8, 10.8, 12.8,
        10.6, 12.6, 11.6, 13.6,
        11.7, 10.7, 12.7, 13.7,
         9.3, 12.3, 12.3, 13.3))
m <- aov(y ~ block + treat, data = d)
summary(m)
```

ಸರಾಸರಿಗಳು ಹೀಗೆ: T1 10.0, T2 10.3, T3 12.1, T4 12.2, T5 11.8. ಅನೋವಾ ಟೇಬಲ್ಲಿನಲ್ಲಿ ಟ್ರೀಟ್‌ಮೆಂಟಿನ ಎಫ್ 4.39, ಪಿ ಸುಮಾರು 0.020. ಎರರ್ ಮೀನ್ ಸ್ಕ್ವೇರ್ ಸರಿಯಾಗಿ 1.00, ಅದರ ಡಿಗ್ರಿ ಆಫ್ ಫ್ರೀಡಂ 12. ಸ್ಟಾರ್ ಬಂದಿದೆ, ಹುಡುಗ ಹೇಳಿದ್ದು ನಿಜ.

ಆಮೇಲೆ ಅವನು ಮಾಡಿದ್ದು ಇದು:

```r
pairwise.t.test(d$y, d$treat)
```

ಹತ್ತು ಜೋಡಿಗೆ ಹತ್ತು ಪಿ ಬಂದವು. ಎಲ್ಲಕ್ಕಿಂತ ಚಿಕ್ಕದು T1 ಮತ್ತು T4ರ ನಡುವಿನದು, ಅದೇ 0.6ರ ಮೇಲಿತ್ತು.

ಮೊದಲ ತಪಾಸಣೆ: ಎರಡೂ ಕಡೆ ಎರರ್ ಒಂದೇನಾ?

ಅನೋವಾದ ಪಿ 0.02, ಜೋಡಿಗಳಲ್ಲಿ ಅತಿ ಚಿಕ್ಕ ಪಿ 0.6. ಇಷ್ಟು ದೂರ ಹೋಗಿದ್ದರೆ ಹಲವು ಜೋಡಿ ಒಟ್ಟಿಗೆ ನೋಡುವಾಗ ಪಿಯನ್ನು ಬಿಗಿ ಮಾಡುವ ತಿದ್ದುಪಡಿಯ ಮೇಲೆ ಅನುಮಾನ ಪಡಬೇಡಿ. ಬೋನ್‌ಫೆರೋನಿ ಎಷ್ಟೇ ಬಿಗಿ ಅಂದರೂ ಇಷ್ಟು ಬಿಗಿ ಅಲ್ಲ. ಕಂಡುಹಿಡಿಯಲು ಒಂದು ಸುಲಭ ದಾರಿ ಇದೆ. ತಿದ್ದುಪಡಿಯನ್ನು ಪೂರ್ತಿ ತೆಗೆದು ಒಮ್ಮೆ ಓಡಿಸಿ:

```r
pairwise.t.test(d$y, d$treat, p.adjust.method = "none")
```

ಇದು ವರದಿಗೆ ಅಲ್ಲ, ರೋಗ ಪತ್ತೆಗೆ ಮಾತ್ರ. ತಿದ್ದುಪಡಿ ತೆಗೆದ ಮೇಲೂ ಒಂದೇ ಒಂದು ಜೋಡಿ 0.05ರ ಕೆಳಗೆ ಬರಲಿಲ್ಲ ಅಂದರೆ ಅನೋವಾ ಮತ್ತು ಪೋಸ್ಟ್ ಹಾಕ್ ಬೇರೆ ಬೇರೆ ಎರರ್ ಬಳಸುತ್ತಿವೆಯಾ ಎಂದು ಮೊದಲು ನೋಡಿ. ಇಲ್ಲಿ ಹಾಗೇ ಆಯಿತು. ತಿದ್ದುಪಡಿ ಇಲ್ಲದೆಯೂ T1–T4 ಜೋಡಿಯ ಪಿ 0.06ರ ಮೇಲೇ ನಿಂತಿತು.

ಕಾರಣ ಆಜ್ಞೆಯಲ್ಲೇ ಕಾಣುತ್ತದೆ. ಅದಕ್ಕೆ ನಾವು ಕೊಟ್ಟಿದ್ದು ಇಳುವರಿ ಮತ್ತು ಟ್ರೀಟ್‌ಮೆಂಟ್ ಮಾತ್ರ. ಬ್ಲಾಕ್ ಇದೆ ಅನ್ನುವುದೇ ಅದಕ್ಕೆ ಗೊತ್ತಿಲ್ಲ. ದಿಬ್ಬಕ್ಕೂ ಹಳ್ಳಕ್ಕೂ ಇರುವ ವ್ಯತ್ಯಾಸವನ್ನು ಅದು ಸುಮ್ನೆ ಎರರ್‌ಗೆ ಸೇರಿಸಿಬಿಟ್ಟಿತು.

ಕೈಲೆಕ್ಕ ಮಾಡಿ ನೋಡೋಣ. ಬ್ಲಾಕ್ ಸರಾಸರಿಗಳು 9.78, 10.78, 11.78, 12.78. ದಿಬ್ಬದಿಂದ ಹಳ್ಳಕ್ಕೆ ಬರುವಷ್ಟರಲ್ಲಿ ಮೂರು ಕ್ವಿಂಟಲ್ ಏರಿದೆ, ಅಂದರೆ ಟ್ರೀಟ್‌ಮೆಂಟಿನ ವ್ಯತ್ಯಾಸಕ್ಕಿಂತ ಜಾಸ್ತಿ. ಬ್ಲಾಕಿನ ಸಮ್ ಆಫ್ ಸ್ಕ್ವೇರ್ಸ್ 25, ಎರರಿನದು 12. ಬ್ಲಾಕನ್ನು ಮರೆತರೆ ಎರಡೂ ಕೂಡಿ 37. ಡಿಗ್ರಿ ಆಫ್ ಫ್ರೀಡಂ 12ಕ್ಕೆ 3 ಸೇರಿ 15. 37ನ್ನು 15ರಿಂದ ಭಾಗಿಸಿದರೆ ಎರರ್ ಮೀನ್ ಸ್ಕ್ವೇರ್ 2.47. ಇರಬೇಕಾದದ್ದು 1.00. ಎರಡೂವರೆ ಪಟ್ಟು ಊದಿಕೊಂಡಿದೆ.

ಇದರ ಪರಿಣಾಮ ನೇರವಾಗಿ ಜೋಡಿಯ ಮೇಲೆ ಬೀಳುತ್ತದೆ. ಎರಡು ಸರಾಸರಿಗಳ ವ್ಯತ್ಯಾಸದ ಸ್ಟ್ಯಾಂಡರ್ಡ್ ಎರರ್ ಹೀಗೆ:

```
sqrt(2 * 1.00 / 4) = 0.707     (ಬ್ಲಾಕ್ ಇದ್ದಾಗ)
sqrt(2 * 2.47 / 4) = 1.11      (ಬ್ಲಾಕ್ ಮರೆತಾಗ)
```

T4ಕ್ಕೂ T1ಕ್ಕೂ ಇರುವ ಅಂತರ 2.2. ಮೊದಲನೆಯದರಿಂದ ಭಾಗಿಸಿದರೆ ಟಿ 3.11, ಎರಡನೆಯದರಿಂದ 1.98. ಅದೇ ಹೊಲ, ಅದೇ ತೊಗರಿ, ಅದೇ ಅಂತರ.

ಎಸ್‌ಪಿಎಸ್‌ಎಸ್ ಬಳಸುವವರಿಗೂ ಇದೇ ಗುಂಡಿ ಇದೆ. ಅನೋವಾವನ್ನು `Univariate`ನಲ್ಲಿ ಬ್ಲಾಕ್ ಹಾಕಿ ಮಾಡಿರುತ್ತಾರೆ. ಜೋಡಿ ಹೋಲಿಸುವ ಟ್ಯೂಕಿ ಪರೀಕ್ಷೆಯನ್ನು ಮಾತ್ರ ರೂಢಿಯಂತೆ `One-Way ANOVA` ಮೆನುಗೆ ಹೋಗಿ ತೆಗೆಯುತ್ತಾರೆ. ಆ ಮೆನುವಿನಲ್ಲಿ ಬ್ಲಾಕಿಗೆ ಜಾಗವೇ ಇಲ್ಲ. ಪೋಸ್ಟ್ ಹಾಕ್ ಯಾವಾಗಲೂ ಅನೋವಾ ಮಾಡಿದ ಮಾಡೆಲ್‌ನಿಂದಲೇ ಹೊರಡಬೇಕು. ಔಟ್‌ಪುಟ್‌ನಲ್ಲಿ ಎರರ್ ಮೀನ್ ಸ್ಕ್ವೇರ್ ಅಥವಾ ಎರರಿನ ಡಿಗ್ರಿ ಆಫ್ ಫ್ರೀಡಂ ಎರಡೂ ಕಡೆ ತಾಳೆ ಆಗುತ್ತದಾ ನೋಡಿ. ಒಂದು ಕಡೆ 12, ಇನ್ನೊಂದು ಕಡೆ 15 ಇದ್ದರೆ ಮುಂದೆ ಓದುವ ಮೊದಲು ಅದನ್ನು ಸರಿ ಮಾಡಿ.

ಇದೇ ಟೇಬಲ್ ಮುಂದಿರುವಾಗ ಇನ್ನೊಂದು ಕಣ್ಣೋಟ ಹಾಯಿಸಿಬಿಡಿ. ಟ್ರೀಟ್‌ಮೆಂಟಿನ ಡಿಗ್ರಿ ಆಫ್ ಫ್ರೀಡಂ 4 ಇರಬೇಕು. 1 ಇದ್ದರೆ ನೀವು ಟ್ರೀಟ್‌ಮೆಂಟನ್ನು 1, 2, 3, 4, 5 ಎಂದು ಬರೆದಿದ್ದೀರಿ, ಆರ್ ಅದನ್ನು ಹೆಸರು ಅಂದುಕೊಳ್ಳದೆ ಸಂಖ್ಯೆ ಅಂದುಕೊಂಡಿದೆ. `factor()` ಹಾಕಿದರೆ ಮುಗಿಯಿತು.

ಸರಿ ಮಾಡಿದ ಮೇಲೂ ಬರಲಿಲ್ಲ

ಹುಡುಗನ ಮುಖ ಅರಳಿತ್ತು. ಸರಿಯಾದ ಮಾಡೆಲ್‌ನಿಂದ ಟ್ಯೂಕಿ ಓಡಿಸಿದೆವು:

```r
TukeyHSD(m, "treat")
```

T1–T4 ಜೋಡಿಯ ಪಿ 0.05ನ್ನು ಕೂದಲೆಳೆಯಷ್ಟು ದಾಟಿ ನಿಂತಿತು. ಉಳಿದವು ಅದಕ್ಕಿಂತ ಮೇಲೆ. ಮತ್ತೆ ಒಂದೂ ಇಲ್ಲ.

"ಹಂಗಾದ್ರ ಗೈಡ್ ಹೇಳಿದ್ದೇ ಖರೇ ಏನ್ರಿ ಸರ್?"

ಅಲ್ಲ. ಈಗ ನೋಡುತ್ತಿರುವುದು ದೋಷ ಅಲ್ಲ. ಎರಡು ಬೇರೆ ಪ್ರಶ್ನೆಗೆ ಬಂದ ಎರಡು ಬೇರೆ ಉತ್ತರ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಎಫ್ ಪರೀಕ್ಷೆ ಕೇಳುವುದು ಇಷ್ಟೇ: ಐದೂ ಸರಾಸರಿ ಒಂದೇ ಅನ್ನಬಹುದಾ? ಅದು ಐದೂ ಸರಾಸರಿಗಳ ಏರುಪೇರನ್ನು ಒಟ್ಟಿಗೆ ಕೂಡಿಸುತ್ತದೆ. ಟ್ಯೂಕಿ ಕೇಳುವುದು ಬೇರೆ: ಯಾವುದಾದರೂ ಎರಡನ್ನು ಮಾತ್ರ ಹಿಡಿದು ನೋಡಿದರೆ ಅಂತರ ಸಾಕಷ್ಟು ದೊಡ್ಡದಾ? ನಮ್ಮ ಸರಾಸರಿಗಳನ್ನು ಇನ್ನೊಮ್ಮೆ ನೋಡಿ. 10.0 ಮತ್ತು 10.3 ಒಂದು ಕಡೆ. 11.8, 12.1, 12.2 ಇನ್ನೊಂದು ಕಡೆ. ಎರಡು ಗುಂಪು ಸ್ಪಷ್ಟವಾಗಿ ಬೇರೆ ಕೂತಿವೆ. ಆದರೆ ಯಾವ ಒಂದು ಟ್ರೀಟ್‌ಮೆಂಟೂ ತಾನೊಂದೇ ಬಹಳ ಮುಂದೆ ಓಡಿಲ್ಲ. ಅಂತರ ಇರುವುದು ಗುಂಪು–ಗುಂಪಿನ ನಡುವೆ. ಒಂದು ಜೋಡಿಯಲ್ಲಿ ಇರುವುದು ನಾಲ್ಕು ಮತ್ತು ನಾಲ್ಕು, ಎಂಟೇ ಪ್ಲಾಟ್. ಗುಂಪಾಗಿ ನೋಡಿದರೆ ಎಂಟು ಮತ್ತು ಹನ್ನೆರಡು, ಇಪ್ಪತ್ತೂ ಪ್ಲಾಟ್ ಸಾಕ್ಷಿ ಹೇಳುತ್ತವೆ.

ಲೆಕ್ಕದಲ್ಲೇ ತೋರಿಸುತ್ತೇನೆ. ಚಿವುಟದ ಎರಡರ ಸರಾಸರಿ 10.15, ಚಿವುಟಿದ ಮೂರರದು 12.03. ಅಂತರ 1.88. ಗಮನಿಸಿ, ಇದು T1–T4ರ 2.2ಕ್ಕಿಂತ ಕಡಿಮೆ. ಆದರೆ ಇದರ ಸ್ಟ್ಯಾಂಡರ್ಡ್ ಎರರ್ ಇನ್ನೂ ಕಡಿಮೆ:

```
sqrt(1.00 * (1/8 + 1/12)) = 0.456
1.883 / 0.4564 = 4.13
```

ಜೋಡಿಯಲ್ಲಿ ಸಿಕ್ಕ ಅತಿ ದೊಡ್ಡ ಟಿ 3.11. ಇಲ್ಲಿ 4.13. ಎಫ್ ಕಂಡಿದ್ದು ಇದನ್ನೇ.

ಆದರೆ ಡೇಟಾ ನೋಡಿದ ಮೇಲೆ ಗುಂಪು ಕಟ್ಟಿದರೆ ಅದಕ್ಕೆ ದಂಡ ಕಟ್ಟಬೇಕು. ಐದು ಸರಾಸರಿಗಳನ್ನು ಎಷ್ಟು ಬಗೆಯಲ್ಲಿ ಬೇಕಾದರೂ ಗುಂಪು ಮಾಡಬಹುದಲ್ವಾ? ಆ ದಂಡಕ್ಕೆ ಷೆಫೆ ಪರೀಕ್ಷೆ ಎಂದು ಹೆಸರು. ಅದರ ಗಡಿ ಲೆಕ್ಕ ಹಾಕುವುದು ಸುಲಭ. 4 ಮತ್ತು 12 ಡಿಗ್ರಿಗೆ ಎಫ್ ಟೇಬಲ್ಲಿನ 5 ಪರ್ಸೆಂಟ್ ಬೆಲೆ 3.26. ಅದನ್ನು 4ರಿಂದ ಗುಣಿಸಿ ವರ್ಗಮೂಲ ತೆಗೆದರೆ 3.61. ನಮ್ಮ 4.13 ಅದನ್ನು ದಾಟುತ್ತದೆ. ಹಾಗಾಗಿ ಚಿವುಟಿದ್ದಕ್ಕೂ ಚಿವುಟದ್ದಕ್ಕೂ ವ್ಯತ್ಯಾಸ ಇದೆ ಎಂದು ಬರೆಯಲು ಷೆಫೆಯ ಬಿಗಿ ಅಳತೆಯಲ್ಲೂ ಅವಕಾಶ ಇದೆ.

ಎಫ್ ಸಿಗ್ನಿಫಿಕೆಂಟ್ ಆಗಿದ್ದರೆ ಷೆಫೆಯಲ್ಲಿ ಯಾವುದಾದರೂ ಒಂದು ಹೋಲಿಕೆ ಗಡಿ ದಾಟೇ ದಾಟುತ್ತದೆ. ಇದು ಗಣಿತದ ಖಾತ್ರಿ. ಆದರೆ ಆ ಹೋಲಿಕೆ ಎರಡೇ ಟ್ರೀಟ್‌ಮೆಂಟಿನ ಜೋಡಿ ಆಗಿರಲೇಬೇಕು ಎಂದೇನಿಲ್ಲ, ಅದಕ್ಕೆ ಅರ್ಥ ಇರಬೇಕೆಂದೂ ಇಲ್ಲ. ಕೆಲವು ಸಲ ಸಿಗುವುದು "T1 ಮತ್ತು T4ರ ಅರ್ಧ, T2ರ ಮೂರರಲ್ಲೊಂದು ಪಾಲು" ಎಂಬಂಥ ಕಲಸುಮೇಲೋಗರ. ನಮ್ಮ ಹುಡುಗನ ಅದೃಷ್ಟ, ಅವನ ಗುಂಪಿಗೆ ಹೊಲದಲ್ಲೇ ಅರ್ಥ ಇತ್ತು.

ಹೋಲಿಕೆ ಎಷ್ಟು ಬೇಕಾಗಿತ್ತು?

ಇಲ್ಲಿ ನಾನು ಲ್ಯಾಪ್‌ಟಾಪ್ ಮುಚ್ಚಿಸಿ ಸಿನಾಪ್ಸಿಸ್ ತೆಗೆಸಿದೆ. ಬಿತ್ತನೆಗೂ ಮೊದಲು ಬರೆದು ಸಹಿ ಮಾಡಿಸಿದ ಕಾಗದ ಅದು. ಅದರಲ್ಲಿ ಉದ್ದೇಶ ಹೀಗಿತ್ತು: ಪ್ರತಿಯೊಂದು ಪದ್ಧತಿಯನ್ನೂ ರೈತರ ಪದ್ಧತಿಯೊಂದಿಗೆ ಹೋಲಿಸುವುದು.

ಅಂದರೆ ಅವನಿಗೆ ಬೇಕಾಗಿದ್ದದ್ದು ನಾಲ್ಕೇ ಹೋಲಿಕೆ. T2, T3, T4, T5 ಇವನ್ನು T1ರ ಜೊತೆ. ಕೈಯಿಂದ ಚಿವುಟಿದ್ದಕ್ಕೂ ಮಷಿನ್‌ಗೂ ಹೋಲಿಕೆ ಅವನ ಪ್ರಶ್ನೆಯಲ್ಲಿ ಇರಲೇ ಇಲ್ಲ. ಟ್ಯೂಕಿ ಮಾತ್ರ ಹತ್ತೂ ಜೋಡಿಗೆ ಕಾವಲು ಕೂತಿತ್ತು. ಬೇಡದ ಆರು ಜೋಡಿಗೂ ಅವನೇ ಬೆಲೆ ತೆರುತ್ತಿದ್ದ.

ಕಂಟ್ರೋಲ್ ಜೊತೆ ಮಾತ್ರ ಹೋಲಿಸುವಾಗ ಬಳಸಬೇಕಾದದ್ದು ಡನೆಟ್ ಪರೀಕ್ಷೆ. ಚಾರ್ಲ್ಸ್ ಡನೆಟ್ 1955ರಲ್ಲಿ ಇದನ್ನು ಕೊಟ್ಟಿದ್ದು ಸರಿಯಾಗಿ ಈ ಸನ್ನಿವೇಶಕ್ಕೇ.

```r
library(emmeans)
e <- emmeans(m, "treat")
contrast(e, "trt.vs.ctrl", ref = 1, adjust = "mvt")
```

ನಾಲ್ಕು ಟ್ರೀಟ್‌ಮೆಂಟ್, 12 ಡಿಗ್ರಿಗೆ ಡನೆಟ್ ಟೇಬಲ್ಲಿನ ಎರಡೂ ಬದಿಯ ಗಡಿ 2.81. ಇದನ್ನು 0.707ರಿಂದ ಗುಣಿಸಿದರೆ 1.99 ಕ್ವಿಂಟಲ್. T3ರ ಅಂತರ 2.1, T4ರದ್ದು 2.2, ಎರಡೂ ದಾಟಿದವು. T5 1.8ಕ್ಕೆ ನಿಂತಿತು, T2 0.3ಕ್ಕೆ. ಟ್ಯೂಕಿಯ ಗಡಿ ಇದೇ ಡೇಟಾಕ್ಕೆ 2.25 ಇತ್ತು. ಹತ್ತು ಜೋಡಿಯ ಬದಲು ನಾಲ್ಕನ್ನು ಕೇಳಿದ್ದಕ್ಕೆ ಗಡಿ ಕಾಲು ಕ್ವಿಂಟಲ್ ಕೆಳಗಿಳಿಯಿತು. ಅಷ್ಟೇ ಸಾಕಾಯಿತು.

ಈಗ ಒಂದು ಕಟ್ಟುನಿಟ್ಟಿನ ಮಾತು. ಇದು ಸರಿ ಆಗಿದ್ದು ಸಿನಾಪ್ಸಿಸ್‌ನಲ್ಲಿ ಮೊದಲೇ ಬರೆದಿದ್ದರಿಂದ. ಉದ್ದೇಶದಲ್ಲಿ "ಎಲ್ಲಾ ಪದ್ಧತಿಗಳನ್ನೂ ಒಂದಕ್ಕೊಂದು ಹೋಲಿಸುವುದು" ಎಂದಿದ್ದರೆ ನಾನು ಟ್ಯೂಕಿಯಲ್ಲೇ ನಿಲ್ಲಿಸುತ್ತಿದ್ದೆ. ಟ್ಯೂಕಿಯಲ್ಲಿ ಬರಲಿಲ್ಲ, ಡನೆಟ್ ಹಾಕು, ಅದರಲ್ಲೂ ಬರಲಿಲ್ಲ, ಡಂಕನ್ ಹಾಕು ಎನ್ನುವುದು ಸಂತೆಯಲ್ಲಿ ಚೌಕಾಸಿ ಮಾಡಿದ ಹಾಗೆ. ಸಾಫ್ಟ್‌ವೇರ್‌ಗೆ ಅದು ಗೊತ್ತಾಗುವುದಿಲ್ಲ. ಪಿ ಮಾತ್ರ ಅರ್ಥ ಕಳೆದುಕೊಂಡಿರುತ್ತದೆ.

"ಸಿಡಿಯಲ್ಲಿ ಐದು ಬರ್ತಾವಲ್ರಿ?"

ಇದು ಕೃಷಿ ಥೀಸಿಸ್‌ಗಳಲ್ಲಿ ಮಾತ್ರ ಬರುವ ಜಗಳ. ಟೇಬಲ್ಲಿನ ಕೆಳಗೆ ಎಸ್.ಇಎಂ., ಅಂದರೆ ಸರಾಸರಿಯ ಸ್ಟ್ಯಾಂಡರ್ಡ್ ಎರರ್, ಮತ್ತು 5 ಪರ್ಸೆಂಟ್ ಸಿಡಿ, ಅಂದರೆ ಕ್ರಿಟಿಕಲ್ ಡಿಫರೆನ್ಸ್, ಬರೆಯುವುದು ಇಲ್ಲಿನ ರೂಢಿ. ಹುಡುಗನೂ ಅದನ್ನು ಕೈಲೆಕ್ಕದಲ್ಲಿ ತೆಗೆದಿದ್ದ. ಎಸ್.ಇಎಂ. 0.50. ಸಿಡಿ ಎಂದರೆ 2.179 ಗುಣಿಸು 0.707, ಅಂದರೆ 1.54. ಅದರಲ್ಲಿ ಐದು ಜೋಡಿ ಸಿಗ್ನಿಫಿಕೆಂಟ್. T1ನಿಂದ T3, T4, T5 ಬೇರೆ, T2ನಿಂದ T3, T4 ಬೇರೆ. ಡಂಕನ್ ಪರೀಕ್ಷೆ, ಅಂದರೆ ಎಲ್ಲರೂ ಡಿಎಂಆರ್‌ಟಿ ಎನ್ನುವುದು, ಅದರಲ್ಲೂ ಇದೇ ಐದು. ಟ್ಯೂಕಿಯಲ್ಲಿ ಸೊನ್ನೆ. ಯಾವುದನ್ನು ನಂಬಬೇಕು?

ಸಿಡಿ ಎಂದರೆ ಬೇರೇನಲ್ಲ, ಫಿಶರ್‌ನ ಎಲ್‌ಎಸ್‌ಡಿ. ಅದರಲ್ಲಿ ಬಹು ಹೋಲಿಕೆಗೆ ತಿದ್ದುಪಡಿ ಇಲ್ಲ. ಇರುವುದು ಒಂದೇ ಬಾಗಿಲು: ಎಫ್ ಸಿಗ್ನಿಫಿಕೆಂಟ್ ಆಗಿದ್ದರೆ ಮಾತ್ರ ಒಳಗೆ ಬಿಡುವುದು. ಟ್ರೀಟ್‌ಮೆಂಟ್ ಮೂರೇ ಇದ್ದರೆ ಆ ಒಂದು ಬಾಗಿಲು ನಿಜವಾಗಿಯೂ ಸಾಕು, ಒಟ್ಟು ತಪ್ಪು 5 ಪರ್ಸೆಂಟ್ ಒಳಗೇ ಇರುತ್ತದೆ. ನಾಲ್ಕಾದ ಕೂಡಲೇ ಆ ಖಾತ್ರಿ ಹೋಗುತ್ತದೆ. ಯಾಕೆಂದರೆ ಒಂದು ಟ್ರೀಟ್‌ಮೆಂಟ್ ನಿಜಕ್ಕೂ ಬೇರೆ ಇದ್ದು ಎಫ್ ಬಾಗಿಲು ತೆರೆದರೆ, ಅದರ ಹಿಂದೆಯೇ ಉಳಿದ ಸಮಾನ ಟ್ರೀಟ್‌ಮೆಂಟ್‌ಗಳ ಜೋಡಿಗಳೂ ತಿದ್ದುಪಡಿ ಇಲ್ಲದೆ ಒಳಗೆ ನುಗ್ಗುತ್ತವೆ. ಡಂಕನ್ ಕೂಡ ಸರಾಸರಿಗಳ ಸಂಖ್ಯೆ ಹೆಚ್ಚಿದಂತೆ ತಾನೇ ಸಡಿಲ ಬಿಡುತ್ತದೆ. ಐದು ಸರಾಸರಿಗಳ ಹರವಿಗೆ ಅದು ಒಪ್ಪಿಕೊಳ್ಳುವ ತಪ್ಪು 5 ಪರ್ಸೆಂಟ್ ಅಲ್ಲ. 0.95ರ ನಾಲ್ಕನೇ ಘಾತ ತೆಗೆದು ಒಂದರಿಂದ ಕಳೆಯಿರಿ, ಹದಿನೆಂಟೂವರೆ ಪರ್ಸೆಂಟ್ ಬರುತ್ತದೆ.

ನನ್ನ ಅಭಿಪ್ರಾಯ: ಡಿಪಾರ್ಟ್‌ಮೆಂಟ್ ಕೇಳಿದರೆ ಸಿಡಿ ಬರೆಯಿರಿ, ತಪ್ಪೇನಿಲ್ಲ. ಓದುವವರಿಗೆ ಹೊಲದ ಪ್ರಯೋಗ ಎಷ್ಟು ನಿಖರವಾಗಿತ್ತು ಅನ್ನುವುದು ಅದರಿಂದ ಗೊತ್ತಾಗುತ್ತದೆ. ಆದರೆ ತೀರ್ಮಾನದ ಅಧ್ಯಾಯದಲ್ಲಿ ಆ ಐದನ್ನೂ ಸಾಬೀತಾದ ಸಂಗತಿ ಎಂದು ಬರೆಯಬೇಡಿ. ನಾನು ಡಿಎಂಆರ್‌ಟಿ ಅಕ್ಷರಗಳನ್ನಂತೂ ಯಾರಿಗೂ ಹಾಕಿಕೊಡುವುದಿಲ್ಲ. ಇದಕ್ಕೆ ಒಂದಿಬ್ಬರು ಗೈಡ್‌ಗಳು ನನ್ನ ಮೇಲೆ ಸಿಟ್ಟಾಗಿದ್ದೂ ಇದೆ.

ಎರಡು ಸಲ ದಂಡ

ಹೊರಡುವ ಮುಂಚೆ ಅವನ ನೋಟ್‌ಬುಕ್ಕಿನಲ್ಲಿ ಇನ್ನೊಂದು ತಪ್ಪು ಕಣ್ಣಿಗೆ ಬಿತ್ತು. ಡನೆಟ್ ಬೇಡ, ನಾಲ್ಕಕ್ಕೆ ಬೋನ್‌ಫೆರೋನಿ ಹಾಕೋಣ ಎಂದು ಒಮ್ಮೆ ಪ್ರಯತ್ನ ಮಾಡಿದ್ದಾನೆ. ಅದೂ ನಡೆಯುತ್ತದೆ, ಸ್ವಲ್ಪ ಬಿಗಿ ಅಷ್ಟೇ. T4–T1ಕ್ಕೆ ತಿದ್ದುಪಡಿ ಇಲ್ಲದ ಪಿ ಸುಮಾರು 0.009. ಸಾಫ್ಟ್‌ವೇರ್ ಅದನ್ನು 4ರಿಂದ ಗುಣಿಸಿ 0.036 ಎಂದು ತೋರಿಸಿತ್ತು. ಇವನು ಪುಸ್ತಕದಲ್ಲಿ ಓದಿದ ಪ್ರಕಾರ 0.05ನ್ನು 4ರಿಂದ ಭಾಗಿಸಿ 0.0125 ತೆಗೆದು, 0.036 ಅದಕ್ಕಿಂತ ದೊಡ್ಡದು ಎಂದು ಎನ್‌ಎಸ್, ಅಂದರೆ ಸಿಗ್ನಿಫಿಕೆಂಟ್ ಅಲ್ಲ, ಎಂದು ಬರೆದಿದ್ದ.

ಪಿಯನ್ನು ಗುಣಿಸಿದರೆ 0.05ಕ್ಕೆ ಹೋಲಿಸಬೇಕು. ಪಿಯನ್ನು ಹಾಗೇ ಬಿಟ್ಟರೆ 0.0125ಕ್ಕೆ ಹೋಲಿಸಬೇಕು. ಎರಡೂ ಒಟ್ಟಿಗೆ ಮಾಡಿದರೆ ಒಂದೇ ತಪ್ಪಿಗೆ ಎರಡು ಸಲ ದಂಡ. ಆರ್ ಆಗಲಿ, ಎಸ್‌ಪಿಎಸ್‌ಎಸ್ ಆಗಲಿ, ಬೋನ್‌ಫೆರೋನಿ ಆಯ್ಕೆ ಮಾಡಿದಾಗ ತೋರಿಸುವುದು ಗುಣಿಸಿದ ಪಿಯನ್ನೇ. ಗುರುತು ಹಿಡಿಯುವುದು ಹೇಗೆ? ಪಟ್ಟಿಯಲ್ಲಿ ಹಲವು ಪಿಗಳು ಸರಿಯಾಗಿ 1.000 ಎಂದು ಕಾಣುತ್ತಿದ್ದರೆ ಅವನ್ನು ಆಗಲೇ ಗುಣಿಸಲಾಗಿದೆ. ತಿದ್ದುಪಡಿ ಇಲ್ಲದ ಪಟ್ಟಿಯಲ್ಲಿ ಅಷ್ಟೊಂದು ಒಂದುಗಳು ಸಾಲಾಗಿ ಬರುವುದಿಲ್ಲ.

ಎಸ್‌ಪಿಎಸ್‌ಎಸ್‌ನಲ್ಲಿ ಇದರ ಉಲ್ಟಾ ಗುಂಡಿಯೂ ಇದೆ. `EM Means`ನಲ್ಲಿ `Compare main effects` ಒತ್ತಿದರೆ ತಾನಾಗಿ ಆಯ್ಕೆ ಆಗಿರುವುದು `LSD(none)`. ಅಲ್ಲಿ ಏನೂ ಬದಲಿಸದೆ ಬಂದ ಪಿಗಳನ್ನು "ತಿದ್ದುಪಡಿ ಮಾಡಿದ ಪಿ" ಎಂದು ಬರೆದ ಥೀಸಿಸ್‌ಗಳನ್ನು ನಾನು ನೋಡಿದ್ದೇನೆ.

ಕೊನೆಗೆ ಟೇಬಲ್ಲಿನ ಕೆಳಗೆ ಬರೆದದ್ದು

ಹುಡುಗ ಮೊದಲು ಬರೆದದ್ದು "T3 ಮತ್ತು T4 ಉತ್ತಮ, T5 ಪರಿಣಾಮ ಇಲ್ಲ" ಎಂದು. ಎರಡನೇ ಭಾಗ ಅಳಿಸಿಸಿದೆ. T5 ಕಂಟ್ರೋಲ್‌ಗಿಂತ 1.8 ಕ್ವಿಂಟಲ್ ಮೇಲಿದೆ, T4ಕ್ಕಿಂತ 0.4 ಮಾತ್ರ ಕಡಿಮೆ. ಗಡಿ ದಾಟಲಿಲ್ಲ ಅಂದರೆ ಪರಿಣಾಮ ಇಲ್ಲ ಎಂದಲ್ಲ. ನಾಲ್ಕು ರೆಪ್ಲಿಕೇಶನ್‌ನಲ್ಲಿ ಅದನ್ನು ತೋರಿಸಲು ಆಗಲಿಲ್ಲ ಎಂದಷ್ಟೇ. T3, T4 ಗೆದ್ದು T5 ಸೋತಿತು ಎಂಬ ಮಾತೂ ತಪ್ಪು. ಆ ಮೂರನ್ನು ನಾವು ಒಂದಕ್ಕೊಂದು ಹೋಲಿಸಲೇ ಇಲ್ಲವಲ್ಲ.

ಕೊನೆಗೆ ನಿಂತ ವಾಕ್ಯ ಇದು: "ಬ್ಲಾಕ್ ಸೇರಿದ ಮಾಡೆಲ್‌ನಲ್ಲಿ ಟ್ರೀಟ್‌ಮೆಂಟ್‌ಗಳ ನಡುವೆ ವ್ಯತ್ಯಾಸ ಕಂಡುಬಂದಿದೆ, ಎಫ್ 4.39, ಡಿಗ್ರಿ 4 ಮತ್ತು 12, ಪಿ 0.020. ಮೊದಲೇ ನಿರ್ಧರಿಸಿದ ನಾಲ್ಕು ಹೋಲಿಕೆಗಳಲ್ಲಿ, ಡನೆಟ್ ಪರೀಕ್ಷೆಯಂತೆ, T3 ಮತ್ತು T4 ರೈತರ ಪದ್ಧತಿಗಿಂತ ಹೆಚ್ಚು ಇಳುವರಿ ಕೊಟ್ಟಿವೆ." ಚಿವುಟಿದ–ಚಿವುಟದ ಗುಂಪಿನ ಹೋಲಿಕೆಯನ್ನು ಬೇರೆ ಸಾಲಿನಲ್ಲಿ, ಡೇಟಾ ನೋಡಿದ ಮೇಲೆ ಮಾಡಿದ್ದು, ಷೆಫೆ ಗಡಿ ಬಳಸಿದೆ ಎಂದು ಹೇಳಿಯೇ ಬರೆಸಿದೆ.

ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಾ ಅವನು ಇನ್ನೊಂದು ಬಾಂಬ್ ಹಾಕಿದ. "ಸರ್, ಎರಡನೇ ವರ್ಷದ ಡೇಟಾದಾಗ ಒಂದ್ ಪ್ಲಾಟ್ ಇಲ್ರಿ. ಆಡು ಮೇದು ಹೋಗ್ಯಾವ."

ಪ್ಲಾಟ್ ಖಾಲಿ ಇದ್ದಾಗ `TukeyHSD` ಬಳಸಬೇಡಿ. ಬ್ಲಾಕ್ ಇರುವ ಮಾಡೆಲ್‌ನಲ್ಲಿ ಒಂದು ಪ್ಲಾಟ್ ಹೋದರೆ ಅದು ಕೊಡುವ ಸರಾಸರಿಗಳು ಓರೆಯಾಗುತ್ತವೆ. ಸಾದಾ ಸರಾಸರಿ ತೆಗೆದರೂ ಕಷ್ಟವೇ: ದಿಬ್ಬದ ಪ್ಲಾಟ್ ಹೋದ ಟ್ರೀಟ್‌ಮೆಂಟ್ ಕಾರಣವಿಲ್ಲದೆ ಮೇಲೆ ಕಾಣಬಹುದು, ಯಾಕೆಂದರೆ ಅದರ ಬಡ ಪ್ಲಾಟೇ ಲೆಕ್ಕದಲ್ಲಿಲ್ಲ. `emmeans` ಬ್ಲಾಕಿನ ಪರಿಣಾಮವನ್ನು ಸರಿದೂಗಿಸಿ ಸರಾಸರಿ ತೆಗೆಯುತ್ತದೆ, ಮೇಲಿನ ಆಜ್ಞೆಯೇ ನಡೆಯುತ್ತದೆ. ಖಾಲಿ ಜಾಗಕ್ಕೆ ಸೊನ್ನೆ ಮಾತ್ರ ತುಂಬಬೇಡ, `NA` ಎಂದು ಬಿಡು ಎಂದೆ. ಅವನು ಲ್ಯಾಪ್‌ಟಾಪ್ ಬ್ಯಾಗನ್ನು ಮತ್ತೆ ಕೆಳಗಿಟ್ಟ. ಸೊನ್ನೆ ತುಂಬಿಯಾಗಿತ್ತು.